ಆಡಿಯೋಗ್ರಾಂ ಓದುವುದು ಹೇಗೆ: ಕಿವಿ ಪರೀಕ್ಷೆಯ ಗೆರೆ, ಗುರುತು, ಅಂಕಿಗಳ ಅರ್ಥ

ಕಿವಿ ಪರೀಕ್ಷೆ ಮುಗಿಸಿ ರಿಪೋರ್ಟ್ ಕೈಗೆ ಕೊಟ್ಟರೆ ಮನೆಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಒಂದೇ: "ಮೇಡಂ, ಎಷ್ಟು ಪರ್ಸೆಂಟ್ ಹೋಗಿದೆ?" ಅದರಲ್ಲಿರುವ ಆಡಿಯೋಗ್ರಾಂ ಎಂಬ ಗ್ರಾಫಿನಲ್ಲಿ ಪರ್ಸೆಂಟ್ ಇರುವುದೇ ಇಲ್ಲ. 40 ಡೆಸಿಬೆಲ್ ಎಂದರೆ 40 ಪರ್ಸೆಂಟ್ ಕಿವುಡು ಅಲ್ಲ. ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಬರುವ ಪರ್ಸೆಂಟ್ ಬೇರೆ ಲೆಕ್ಕ, ಅದನ್ನು ಇನ್ನೊಂದು ಕೋಷ್ಟಕ ಹಿಡಿದು ತೆಗೆಯುತ್ತಾರೆ. ಆಡಿಯೋಗ್ರಾಂ ಹೇಳುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಯಾವ ಸ್ವರ ಕೇಳಿಸುತ್ತಿದೆ, ಯಾವುದು ಇಲ್ಲ, ತೊಂದರೆ ಕಿವಿಯ ಯಾವ ಭಾಗದಲ್ಲಿದೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಆದರೆ ಬಹಳ ಜನ ಕೆಳಗೆ ಬರೆದಿರುವ "ಮೈಲ್ಡ್", "ಮಾಡರೇಟ್" ಅನ್ನುವ ಒಂದು ಪದ ಓದಿ ಹಾಳೆಯನ್ನು ಮಡಚಿಡುತ್ತಾರೆ. ಆ ಒಂದು ಪದ ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಅದಕ್ಕೇ ಗ್ರಾಫನ್ನು ಓದಲು ಕಲಿಯಬೇಕು. ನಿಮ್ಮದೋ ಅಪ್ಪ ಅಮ್ಮನದೋ ರಿಪೋರ್ಟ್ ಇದ್ದರೆ ಎದುರಿಗೆ ಹರಡಿಕೊಂಡೇ ಮುಂದೆ ಓದಿ.

ಹಂತ 1: ಎಡದಿಂದ ಬಲಕ್ಕೆ, ಸ್ವರದ ಏರಿಳಿತ

ಗ್ರಾಫಿನ ಮೇಲಂಚಿನಲ್ಲೋ ಕೆಳಗೋ ಅಡ್ಡವಾಗಿ 250, 500, 1000, 2000, 4000, 8000 ಎಂದು ಬರೆದಿರುತ್ತದೆ. ಕೆಲವು ಕಡೆ 125ರಿಂದ ಶುರುವಾಗುತ್ತದೆ. ಇವು ಹರ್ಟ್ಸ್, ಅಂದರೆ ಸದ್ದು ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ಹಾರ್ಮೋನಿಯಂ ಮನೆಗಳ ಹಾಗೆ ಇದನ್ನು ನೋಡಿ. ಎಡಗಡೆ ದಪ್ಪ ದನಿ, ಬಲಕ್ಕೆ ಹೋದಂತೆ ಸಣ್ಣಗೆ, ಚೂಪಾಗಿ. ಒಂದು ಅಂಕಿಯಿಂದ ಮುಂದಿನದಕ್ಕೆ ಹೋದರೆ ಸ್ವರ ಒಂದು ಸ್ಥಾಯಿ ಮೇಲೇರಿತು ಎಂದರ್ಥ.

ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಆದರೂ ಪರೀಕ್ಷೆ ಈ ನಡುವಿನ ಭಾಗಕ್ಕೆ ಸೀಮಿತ, ಯಾಕೆಂದರೆ ಮಾತಿಗೆ ಬೇಕಾದದ್ದು ಹೆಚ್ಚಾಗಿ ಇಲ್ಲೇ ಇದೆ. ಅ, ಆ, ಉ, ಓ ಎಂಬ ಸ್ವರಗಳ ಬಲ, ಮ, ನ ಇಂಥ ಅಕ್ಷರಗಳ ಗುಂಯ್ ಅನ್ನುವ ಭಾಗ ಎಡಕ್ಕೆ ಬರುತ್ತವೆ. ಮಾತಿನ ಜೋರು ಸಿಗುವುದು ಇಲ್ಲಿಂದ. ಸ, ಶ ಅಕ್ಷರಗಳ ಉಸಿರಿನ ಸದ್ದು ಬಲಕ್ಕಿದೆ. ಕ, ತ, ಪ ಇವುಗಳನ್ನು ಒಂದರಿಂದ ಒಂದು ಬೇರೆ ಮಾಡಿ ತೋರಿಸುವ ಸಣ್ಣ ಸಿಡಿತವೂ ಬಹುಪಾಲು 2000 ಹರ್ಟ್ಸ್‌ನ ಆಸುಪಾಸಿನಲ್ಲಿ ಮತ್ತು ಅದರ ಮೇಲೆ. ಮಾತಿನ ಸ್ಪಷ್ಟತೆ ಸಿಗುವುದು ಆ ಕಡೆಯಿಂದ. ಗ್ರಾಫಿನ ಬಲಗಡೆಯ ಸದ್ದು ಕೇಳದವರಿಗೆ "ಕಾಯಿ" ಅಂದರೆ "ತಾಯಿ" ಅನ್ನಿಸುತ್ತದೆ, "ಸಾಲು" ಅಂದರೆ "ಹಾಲು" ಅನ್ನಿಸುತ್ತದೆ. ಯಾರೋ ಮಾತಾಡಿದ್ದು ಮಾತ್ರ ಚೆನ್ನಾಗಿಯೇ ಗೊತ್ತಾಗುತ್ತದೆ. ಈ ಎಡ ಬಲದ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಎಲ್ಲ ಕಡೆ ಬೇಕಾಗುತ್ತದೆ.

ಹಂತ 2: ಮೇಲಿನಿಂದ ಕೆಳಕ್ಕೆ, ಸದ್ದಿನ ಜೋರು

ಎಡ ಅಂಚಿನಲ್ಲಿ ಮೇಲೆ -10 ಅಥವಾ 0, ಕೆಳಗೆ 120 ಇರುತ್ತದೆ. ಇವು ಡೆಸಿಬೆಲ್, ಅಂದರೆ ಸದ್ದು ಎಷ್ಟು ಜೋರು ಎಂಬ ಅಳತೆ. ಶಾಲೆಯಲ್ಲಿ ಬಿಡಿಸಿದ ಗ್ರಾಫಿಗೆ ಇದು ಉಲ್ಟಾ. ಕೆಳಗೆ ಹೋದಷ್ಟೂ ಸದ್ದು ಜೋರು. ಹಾಗಾಗಿ ಗುರುತು ಕೆಳಗಿದೆ ಎಂದರೆ ಅಷ್ಟು ಜೋರು ಮಾಡಿದರೆ ಮಾತ್ರ ಕೇಳಿಸಿತು ಎಂದರ್ಥ. ಗೆರೆ ಮೇಲಿದ್ದರೆ ಒಳ್ಳೆಯ ಕಿವಿ.

ಇಲ್ಲಿ 0 ಅಂದರೆ ನಿಶ್ಶಬ್ದ ಅಲ್ಲ. ಕಿವಿ ಆರೋಗ್ಯವಾಗಿರುವ ಯುವಕ ಯುವತಿಯರು ಕಷ್ಟಪಟ್ಟು ಕೇಳಬಲ್ಲ ಅತಿ ಸಣ್ಣ ಸದ್ದಿನ ಸರಾಸರಿಯನ್ನು ಸೊನ್ನೆ ಎಂದು ಇಟ್ಟಿದ್ದಾರೆ. ಹಾಳೆಯಲ್ಲಿ dB HL ಎಂದು ಬರೆದಿರುವುದು ಅದಕ್ಕೇ. ಅದಕ್ಕಿಂತ ಚೆನ್ನಾಗಿ ಕೇಳುವವರು -5, -10ರಲ್ಲೂ ಕೈ ಎತ್ತುತ್ತಾರೆ. ಮೊಬೈಲ್ ಆ್ಯಪ್ ತೋರಿಸುವ ಡೆಸಿಬೆಲ್ ಬೇರೆ ಅಳತೆ. ಆ್ಯಪಿನಲ್ಲಿ ಮಾತು 60 ತೋರಿಸಿತು, ಅಪ್ಪನ ಗೆರೆ 55ರಲ್ಲಿದೆ, ಹಾಗಾದರೆ ಕೇಳಬೇಕಲ್ವಾ ಎಂದು ಹೊಂದಿಸಲು ಹೋಗಬೇಡಿ.

ಡೆಸಿಬೆಲ್ ಸಾದಾ ಕೂಡುವ ಲೆಕ್ಕವೂ ಅಲ್ಲ. ಪ್ರತಿ 10 ಡೆಸಿಬೆಲ್ಲಿಗೆ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತದೆ. ಸೊನ್ನೆಯಲ್ಲಿ ಕೇಳುವವರಿಗೆ ಹೋಲಿಸಿದರೆ 40ರಲ್ಲಿ ಕೇಳುವವರಿಗೆ ಹತ್ತು ಸಾವಿರ ಪಟ್ಟು, 70ರಲ್ಲಿ ಕೇಳುವವರಿಗೆ ಒಂದು ಕೋಟಿ ಪಟ್ಟು ಶಕ್ತಿಯ ಸದ್ದು ಬೇಕು. ಕಿವಿಗೆ ಅದು ಕೋಟಿ ಪಟ್ಟು ಜೋರು ಅನ್ನಿಸುವುದಿಲ್ಲ ನಿಜ. ಸಾಧಾರಣವಾಗಿ 10 ಡೆಸಿಬೆಲ್ ಏರಿದರೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಪರ್ಸೆಂಟ್ ಹೇಳಲು ಬರುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಹಂತ 3: ಗುರುತುಗಳು

ಕೆಂಪು ಸೊನ್ನೆ ○ ಬಲಗಿವಿ. ನೀಲಿ ಕತ್ತರಿ × ಎಡಗಿವಿ. ಇವೆರಡೂ ಹೆಡ್‌ಫೋನ್ ಹಾಕಿ ಕೇಳಿಸಿದ ಸದ್ದಿಗೆ. ಝೆರಾಕ್ಸ್ ಮಾಡಿದ ಪ್ರತಿಯಲ್ಲಿ ಬಣ್ಣ ಹೋಗಿರುತ್ತದೆ, ಆಗ ಆಕಾರ ನೋಡಿ.

ಒಂದೊಂದು ಗುರುತೂ ಹೇಗೆ ಬಂತು ಅಂದರೆ, ಮೊದಲು ಸುಲಭವಾಗಿ ಕೇಳುವ ಬೀಪ್ ಕೊಡುತ್ತೇವೆ. ಕೇಳಿಸಿದರೆ 10 ಇಳಿಸುತ್ತೇವೆ. ಕೇಳಿಸದಿದ್ದರೆ 5 ಏರಿಸುತ್ತೇವೆ. ಹೀಗೆ ಇಳಿದು ಹತ್ತಿ, ಕೊಟ್ಟ ಸಲದಲ್ಲಿ ಅರ್ಧದಷ್ಟಾದರೂ ಕೇಳಿಸಿದ ಅತಿ ಕಡಿಮೆ ಮಟ್ಟ ಎಲ್ಲಿದೆಯೋ ಅಲ್ಲಿ ಗುರುತು ಬೀಳುತ್ತದೆ. ಅಂದರೆ ಅದು "ಚೆನ್ನಾಗಿ ಕೇಳುವ" ಮಟ್ಟ ಅಲ್ಲ, "ಇದೆಯೋ ಇಲ್ಲವೋ" ಅನ್ನುವ ಗಡಿ. 45ರಲ್ಲಿ ಗುರುತಿದ್ದವರಿಗೆ ಆ ಸ್ವರ 45ರಲ್ಲಿ ಬಂದರೆ ಬರೀ ಸುಳಿವು ಸಿಗುತ್ತದೆ. ಆರಾಮಾಗಿ ಕೇಳಬೇಕಾದರೆ ಅದಕ್ಕಿಂತ ಜೋರು ಬೇಕು.

ಗುರುತಿನಿಂದ ಕೆಳಮುಖವಾಗಿ ಬಾಣ ಇದ್ದರೆ, ಯಂತ್ರ ಕೊಡಬಲ್ಲ ಅತಿ ಜೋರು ಸದ್ದಿಗೂ ಉತ್ತರ ಬರಲಿಲ್ಲ ಎಂದರ್ಥ. ಬಾಣ ಕಾಣದೆ ಅದನ್ನು 110ರಲ್ಲಿ ಕೇಳಿಸುತ್ತೆ ಎಂದು ಓದುವುದು ಸಾಮಾನ್ಯ ತಪ್ಪು.

ಇನ್ನು < ಮತ್ತು > ಗುರುತುಗಳು. ಇವು ಕಿವಿಯ ಹಿಂದಿನ ಮೂಳೆಗೆ ಸಣ್ಣ ಕಂಪಕ ಒತ್ತಿ ಮಾಡಿದ ಪರೀಕ್ಷೆಯವು. ಬಲಕ್ಕೆ <, ಎಡಕ್ಕೆ >. ಗೊಂದಲ ಆಗುತ್ತದೆ, ಅಲ್ವಾ? ಹಾಳೆಯಲ್ಲಿ ಆ ವ್ಯಕ್ತಿಯ ಮುಖ ನಿಮ್ಮನ್ನು ನೋಡುತ್ತಿದೆ ಎಂದುಕೊಳ್ಳಿ. ಅವರ ಬಲಗಿವಿ ನಿಮ್ಮ ಎಡಕ್ಕೆ ಬರುತ್ತದೆ, ಗುರುತಿನ ಮೂತಿಯೂ ಆ ಕಡೆಗೇ ಇರುತ್ತದೆ. ಇದಲ್ಲದೆ △ □ [ ] ಕಂಡರೆ, ಅದು ಆಚೆ ಕಿವಿಗೆ ಸುಯ್ ಅನ್ನುವ ಸದ್ದು ಕೊಟ್ಟು, ಆ ಕಿವಿಯನ್ನು ಸುಮ್ಮನಿರಿಸಿ ಮಾಡಿದ ಪರೀಕ್ಷೆ. △ ಮತ್ತು [ ಬಲಗಿವಿಗೆ, □ ಮತ್ತು ] ಎಡಗಿವಿಗೆ. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ದೊಡ್ಡ ಎಡವಟ್ಟು ಆಗುವುದು ಇಲ್ಲೇ.

ಹಂತ 4: ಹೆಡ್‌ಫೋನ್ ಗೆರೆ ಮತ್ತು ಮೂಳೆ ಗೆರೆ ನಡುವಿನ ಅಂತರ

ಇಡೀ ಹಾಳೆಯಲ್ಲಿ ಒಂದೇ ಒಂದು ವಿಷಯ ನೋಡಲು ಸಮಯ ಇದೆ ಎಂದರೆ ಇದನ್ನು ನೋಡಿ ಎನ್ನುತ್ತೇನೆ.

ಹೆಡ್‌ಫೋನಿನ ಸದ್ದು ಪೂರ್ತಿ ದಾರಿ ನಡೆಯುತ್ತದೆ. ಕಿವಿ ಕೊಳವೆ, ತಮಟೆ, ನಡುಕಿವಿಯ ಮೂರು ಪುಟ್ಟ ಮೂಳೆಗಳು, ಆಮೇಲೆ ಒಳಕಿವಿ, ನರ. ಮೂಳೆಯ ಮೇಲಿಟ್ಟ ಕಂಪಕದ ಸದ್ದು ಬಹುಪಾಲು ಈ ಮೊದಲ ಭಾಗವನ್ನು ಬಿಟ್ಟು ನೇರವಾಗಿ ಒಳಕಿವಿಯನ್ನು ಅಲುಗಿಸುತ್ತದೆ. ಎರಡನ್ನೂ ಹೋಲಿಸಿದರೆ ತಡೆ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಎರಡೂ ಗೆರೆ ಒಂದಕ್ಕೊಂದು ಅಂಟಿಕೊಂಡು ಕೆಳಗೆ ಇಳಿದಿದ್ದರೆ ತೊಂದರೆ ಒಳಕಿವಿಯಲ್ಲೋ ನರದಲ್ಲೋ ಇದೆ. ರಿಪೋರ್ಟಿನಲ್ಲಿ ಸೆನ್ಸರಿನ್ಯೂರಲ್ ಎಂದು ಬರೆಯುತ್ತಾರೆ. ವಯಸ್ಸಿನಿಂದ, ಗದ್ದಲದಿಂದ, ಕೆಲವು ಔಷಧಿಗಳಿಂದ ಬರುವುದು ಇದು. ಮೂಳೆ ಗೆರೆ ಮೇಲೆ ಸರಿಯಾಗಿದ್ದು ಹೆಡ್‌ಫೋನ್ ಗೆರೆ ಮಾತ್ರ ಕೆಳಗಿದ್ದರೆ ಒಳಕಿವಿ ಚೆನ್ನಾಗಿದೆ, ದಾರಿಯಲ್ಲಿ ತಡೆ ಇದೆ. ಇದು ಕಂಡಕ್ಟಿವ್. ಗುಗ್ಗೆ ಕಟ್ಟಿರಬಹುದು, ನಡುಕಿವಿಯಲ್ಲಿ ನೀರು ತುಂಬಿರಬಹುದು, ಕಿವಿ ಸೋರಿ ಸೋರಿ ತಮಟೆಯಲ್ಲಿ ತೂತು ಬಿದ್ದಿರಬಹುದು. ಮೂಳೆ ಗೆರೆಯೂ ಇಳಿದಿದೆ, ಹೆಡ್‌ಫೋನ್ ಗೆರೆ ಇನ್ನೂ ಕೆಳಗಿದೆ ಎಂದರೆ ಎರಡೂ ಸೇರಿದೆ, ಅದು ಮಿಕ್ಸೆಡ್.

ಅಂತರ 10 ಡೆಸಿಬೆಲ್ ಒಳಗಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಅಳತೆಯ ಅಲುಗಾಟ. 15, 20 ಆಗಿ ಹಲವು ಸ್ವರಗಳಲ್ಲಿ ಒಂದೇ ರೀತಿ ಕಂಡರೆ ಇಎನ್‌ಟಿ ಡಾಕ್ಟರ್ ಕಿವಿಯೊಳಗೆ ನೋಡಲೇಬೇಕು. ಇದು ತುಂಬಾ ಮುಖ್ಯ, ಯಾಕೆಂದರೆ ಕಂಡಕ್ಟಿವ್ ತೊಂದರೆಗಳಲ್ಲಿ ಎಷ್ಟೋ ಔಷಧಿಗೋ ಆಪರೇಷನ್ನಿಗೋ ಸರಿಹೋಗುತ್ತವೆ. ಅಂಥವರಿಗೆ ಡಾಕ್ಟರ್ ನೋಡುವ ಮೊದಲೇ ಕಿವಿ ಮಿಷನ್ ಮಾರುವುದು ಅನ್ಯಾಯ. ಬರೀ ದಾರಿಯ ತಡೆಯಿಂದ ಗೆರೆ ಸುಮಾರು 60ರವರೆಗೆ ಇಳಿಯಬಹುದು, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಗೆರೆ 80ರಲ್ಲಿದ್ದರೆ ಒಳಕಿವಿಯೂ ಸೋತಿದೆ ಎಂದೇ ತಿಳಿಯಬೇಕು.

ಹಂತ 5: ಒಂದು ರಿಪೋರ್ಟನ್ನು ಜೊತೆಗೆ ಓದೋಣ

54 ವರ್ಷದವರೊಬ್ಬರು, ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷ ದುಡಿದವರು ಎಂದಿಟ್ಟುಕೊಳ್ಳಿ. ಮಗಳು ಕರೆದುಕೊಂಡು ಬಂದಿದ್ದಾಳೆ. "ಕೂಗಿದರೆ ಓ ಅಂತಾರೆ ಮೇಡಂ, ಆದ್ರೆ ಹೇಳಿದ್ದು ಒಂದು, ಮಾಡೋದು ಇನ್ನೊಂದು. ಬೇಕಂತ್ಲೇ ಹಾಗೆ ಮಾಡ್ತಾರೆ ಅನ್ಸುತ್ತೆ" ಎನ್ನುತ್ತಾಳೆ. ಅವರು ಹೇಳುವುದು, "ಕೇಳುತ್ತೆ ತಾಯಿ, ಅರ್ಥ ಆಗಲ್ಲ."

ಅವರ ಬಲಗಿವಿಯ ಹೆಡ್‌ಫೋನ್ ಗುರುತುಗಳು ಹೀಗಿವೆ:

| ಹರ್ಟ್ಸ್ | 250 | 500 | 1000 | 2000 | 4000 | 8000 |
|---|---|---|---|---|---|---|
| ಡೆಸಿಬೆಲ್ | 15 | 20 | 25 | 45 | 70 | 55 |

ಮೂಳೆ ಪರೀಕ್ಷೆಯ ಗುರುತುಗಳು 500ರಲ್ಲಿ 15, 1000ದಲ್ಲಿ 25, 2000ದಲ್ಲಿ 45, 4000ದಲ್ಲಿ 65. ಎಲ್ಲೂ ಅಂತರ 5 ದಾಟಿಲ್ಲ. ಹಾಗಾದರೆ ತಡೆ ಇಲ್ಲ, ತೊಂದರೆ ಒಳಕಿವಿಯದು. ಎಡಗಿವಿಯೂ 5 ಡೆಸಿಬೆಲ್ ಆಚೀಚೆ ಇದೇ ರೀತಿ ಇದೆ.

ಈಗ ಆಕಾರ ನೋಡಿ. ಎಡಭಾಗ ಸರಿಯಾಗಿದೆ. 1000 ದಾಟಿದ ಮೇಲೆ ಗೆರೆ ಜಾರುತ್ತದೆ, 4000ದಲ್ಲಿ ಹಳ್ಳ ಬೀಳುತ್ತದೆ, 8000ದಲ್ಲಿ ಸ್ವಲ್ಪ ಮೇಲೆದ್ದಿದೆ. ವರ್ಷಗಟ್ಟಲೆ ಗದ್ದಲದಲ್ಲಿ ದುಡಿದವರ ಕಿವಿಯಲ್ಲಿ ಮತ್ತೆ ಮತ್ತೆ ಕಾಣುವುದು ಈ 4000ದ ಹಳ್ಳ. ಬರೀ ವಯಸ್ಸಿನಿಂದಾಗಿದ್ದರೆ ಸಾಮಾನ್ಯವಾಗಿ 8000ದಲ್ಲಿ ಮೇಲೇಳದೆ ಇನ್ನೂ ಇಳಿಯುತ್ತಾ ಹೋಗುತ್ತದೆ. ಹಳ್ಳ ಒಂದನ್ನೇ ನಂಬಿ ಕಾರಣ ತೀರ್ಮಾನಿಸಬಾರದು, ಕೆಲಸದ ಇತಿಹಾಸ ಕೇಳಲೇಬೇಕು. ಇವರಲ್ಲಿ ಎರಡೂ ಹೊಂದುತ್ತವೆ.

ಮಗಳ ದೂರಿಗೆ ಉತ್ತರವೂ ಇಲ್ಲೇ ಇದೆ. ಕೂಗಿದರೆ ಓ ಅನ್ನುತ್ತಾರೆ, ಯಾಕೆಂದರೆ ಅ, ಆ, ಉ, ಓ ಸ್ವರಗಳಿರುವ ಎಡಭಾಗ ಗಟ್ಟಿಯಾಗಿದೆ. ಹೇಳಿದ್ದು ತಪ್ಪಾಗಿ ಕೇಳುತ್ತದೆ, ಯಾಕೆಂದರೆ ಅಕ್ಷರ ಅಕ್ಷರಕ್ಕೂ ವ್ಯತ್ಯಾಸ ತೋರಿಸುವ ಬಲಭಾಗ ಹೋಗಿದೆ. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ಊಹಿಸಿಕೊಳ್ಳುತ್ತಾರೆ. ಅಡುಗೆಮನೆಯಿಂದ ಮಿಕ್ಸಿ ಸದ್ದಿನ ನಡುವೆ ಹೇಳಿದರೆ ಊಹೆಯೂ ಸಿಗುವುದಿಲ್ಲ. ಅವರು ಬೇಕಂತ ಮಾಡುತ್ತಿಲ್ಲ. ಈ ಗೆರೆಯನ್ನು ಮನೆಯವರ ಎದುರು ಇಟ್ಟು ಇಷ್ಟು ವಿವರಿಸಿದರೆ ಎಷ್ಟೋ ಜಗಳ ಅಲ್ಲೇ ತಣ್ಣಗಾಗುತ್ತದೆ.

ಹಂತ 6: ಸರಾಸರಿ ತೆಗೆದು ಮಟ್ಟ ಹೇಳುವುದು

ಈಗ ಆ ಒಂದು ಪದಕ್ಕೆ ಬರೋಣ. 500, 1000, 2000 ಈ ಮೂರು ಸ್ವರಗಳ ಹೆಡ್‌ಫೋನ್ ಗುರುತುಗಳನ್ನು ಕೂಡಿ ಮೂರರಿಂದ ಭಾಗಿಸುವುದು ಹಳೆಯ ರೂಢಿ. ರಿಪೋರ್ಟಿನಲ್ಲಿ ಇದನ್ನು PTA ಎಂದು ಬರೆದಿರುತ್ತಾರೆ. ನಮ್ಮ ಪವರ್‌ಲೂಮ್ ಅಣ್ಣನ ಬಲಗಿವಿಗೆ:

```
(20 + 25 + 45) / 3 = 30
(20 + 25 + 45 + 70) / 4 = 40
```

ಎರಡನೇ ಸಾಲಿನಲ್ಲಿ 4000 ಕೂಡ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆ ತೆಗೆದುಕೊಳ್ಳುವುದು ಈ ನಾಲ್ಕರ ಸರಾಸರಿಯನ್ನು. ಒಂದೇ ಕಿವಿ, ಒಂದೇ ಹಾಳೆ, ಆದರೆ 10 ಡೆಸಿಬೆಲ್ ವ್ಯತ್ಯಾಸ ಬಂತು.

ನಮ್ಮಲ್ಲಿ ಇನ್ನೂ ಹೆಚ್ಚು ಬಳಕೆಯಲ್ಲಿರುವ ಹಳೆಯ ಪಟ್ಟಿಯಲ್ಲಿ 25ರವರೆಗೆ ದೊಡ್ಡವರಿಗೆ ಸಹಜ. 26ರಿಂದ 40 ಮೈಲ್ಡ್, 41ರಿಂದ 55 ಮಾಡರೇಟ್, 56ರಿಂದ 70 ಮಾಡರೇಟ್ಲಿ ಸಿವಿಯರ್, 71ರಿಂದ 90 ಸಿವಿಯರ್, ಅದರ ಕೆಳಗೆ ಪ್ರೊಫೌಂಡ್. ಮಕ್ಕಳಿಗೆ 15ರ ಮೇಲೆ ಹೋದರೇ ಗಮನಿಸುತ್ತೇವೆ, ಅವರು ಇನ್ನೂ ಮಾತು ಕಲಿಯುತ್ತಿರುವವರು. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಕೊಟ್ಟ ಪಟ್ಟಿ ಬೇರೆ. ಅಲ್ಲಿ 20ರಿಂದಲೇ ಮೈಲ್ಡ್ ಶುರು, 35ರಿಂದ ಮಾಡರೇಟ್, 50ರಿಂದ ಮಾಡರೇಟ್ಲಿ ಸಿವಿಯರ್, 65ರಿಂದ ಸಿವಿಯರ್, 80ರಿಂದ ಪ್ರೊಫೌಂಡ್. ಹಾಗಾಗಿ ಇವರಿಗೆ ಒಂದು ಕಡೆ "ಮೈಲ್ಡ್" ಎಂದೂ ಇನ್ನೊಂದು ಕಡೆ "ಮಾಡರೇಟ್" ಎಂದೂ ಬರೆದುಕೊಟ್ಟರೆ ಇಬ್ಬರೂ ಸುಳ್ಳು ಹೇಳಿಲ್ಲ. ಎರಡು ರಿಪೋರ್ಟ್ ಹೋಲಿಸುವಾಗ ಪದಕ್ಕೆ ಪದ ಇಡಬೇಡಿ. ಗುರುತಿಗೆ ಗುರುತು ಇಟ್ಟು ನೋಡಿ.

ಬದುಕಿನಲ್ಲಿ ಈ ಮಟ್ಟಗಳು ಹೇಗಿರುತ್ತವೆ? ಹಳೆಯ ಪಟ್ಟಿಯನ್ನೇ ಹಿಡಿದು ಹೇಳುತ್ತೇನೆ.

ಮೈಲ್ಡ್ ಇದ್ದವರು ಮನೆಯಲ್ಲಿ ಎದುರೆದುರು ಕೂತರೆ ಆರಾಮಾಗಿ ಮಾತಾಡುತ್ತಾರೆ. ಪಿಸುಮಾತು, ಮಕ್ಕಳ ಸಣ್ಣ ದನಿ, ಮೀಟಿಂಗಿನಲ್ಲಿ ಆ ತುದಿಯಿಂದ ಬಂದ ಮಾತು ತಪ್ಪಿಹೋಗುತ್ತದೆ. ಪದ ಮೆದುವಾಗಿದೆ ಎಂದು ತೊಂದರೆಯೂ ಚಿಕ್ಕದು ಅಂದುಕೊಳ್ಳಬೇಡಿ. ಹಿಂದಿನ ಬೆಂಚಿನಲ್ಲಿ ಕೂರುವ ಮಗುವಿಗೆ ಈ ಮೈಲ್ಡ್ ಸಾಕು, ಪಾಠ ಹಿಂದೆ ಬೀಳಲು. ಮಾಡರೇಟ್ ಆದರೆ ಮಾಮೂಲು ದನಿಯ ಮಾತಿನಲ್ಲೇ ತುಂಬಾ ಭಾಗ ಜಾರುತ್ತದೆ. ಟಿವಿ ವಾಲ್ಯೂಮ್ ಬಗ್ಗೆ ಮನೆಯಲ್ಲಿ ಮಾತು ಶುರುವಾಗುತ್ತದೆ, "ಏನಂದ್ರಿ?" ಜಾಸ್ತಿಯಾಗುತ್ತದೆ. ಕಿವಿ ಮಿಷನ್ನಿನಿಂದ ಒಳ್ಳೆಯ ಪ್ರಯೋಜನ ಸಿಗುವ ಮಟ್ಟ ಇದು. ಆದರೆ ಬಹಳ ಜನ ಇನ್ನೂ ಸ್ವಲ್ಪ ದಿನ ನೋಡೋಣ ಎಂದು ಇಲ್ಲೇ ಮುಂದೂಡುತ್ತಾರೆ.

ಮಾಡರೇಟ್ಲಿ ಸಿವಿಯರ್ ಮಟ್ಟದಲ್ಲಿ ಹತ್ತಿರ ಬಂದು ಜೋರಾಗಿ ಹೇಳಬೇಕು. ನಾಲ್ಕು ಜನ ಸೇರಿದರೆ ಮಾತು ಕೈಗೆ ಸಿಗುವುದಿಲ್ಲ. ಸಿವಿಯರ್ ಆದರೆ ಮಿಷನ್ ಇಲ್ಲದೆ ಮಾತೇ ಕೇಳುವುದಿಲ್ಲ. ಕಿವಿಯ ಹತ್ತಿರ ಕೂಗಿದ್ದು, ಹತ್ತಿರದ ಹಾರ್ನ್, ಧಡ್ ಎಂದು ಹಾಕಿದ ಬಾಗಿಲು ಗೊತ್ತಾಗಬಹುದು. ಪ್ರೊಫೌಂಡ್ ಅಂದರೆ ಕಿವಿಯಿಂದ ಮಾತು ಹಿಡಿಯುವುದು ಆಗದ ಮಟ್ಟ. ಪಟಾಕಿ, ತಮಟೆಯಂಥ ಸದ್ದು ಗೊತ್ತಾದರೂ ಎಷ್ಟೋ ಸಲ ಅದು ಕೇಳಿದ್ದಲ್ಲ, ಮೈಗೆ ತಾಗಿದ ಕಂಪನ. ಆಡಿಯೋಗ್ರಾಂನಲ್ಲೂ ಇದೇ ಮೋಸ ಆಗುತ್ತದೆ. ಎಡ ಮೂಲೆಯ ಕೆಳಗೆ 250, 500ರಲ್ಲಿ ಮಾತ್ರ ಒಂದೆರಡು ಗುರುತು ಉಳಿದು, ಬೇರೆಡೆ ಎಲ್ಲ ಬಾಣ ಇದ್ದರೆ, ಅದು ಕಂಪನಕ್ಕೆ ಕೊಟ್ಟ ಉತ್ತರವೂ ಆಗಿರಬಹುದು. "ಸ್ವಲ್ಪ ಕೇಳುತ್ತೆ" ಎಂದು ಅದನ್ನು ನಂಬಿ ಕೂತರೆ ಪುಟ್ಟ ಮಗುವಿನ ಅಮೂಲ್ಯ ತಿಂಗಳುಗಳು ಹೋಗುತ್ತವೆ. ಹುಟ್ಟಿನಿಂದ ಪ್ರೊಫೌಂಡ್ ಇರುವ ಮಗುವಿಗೆ ಆಪರೇಷನ್ ಮಾಡಿ ಒಳಕಿವಿಗೆ ಜೋಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇಕೇ ಎಂಬ ತೀರ್ಮಾನ ಆದಷ್ಟು ಬೇಗ ಆಗಬೇಕು. ಬೀಪ್ ಕೇಳಿ ಕೈ ಎತ್ತಲು ಬಾರದ ಎಳೆ ಮಕ್ಕಳಿಗೆ ಈ ಗ್ರಾಫ್ ಬರೆಯಲಾಗುವುದಿಲ್ಲ. ಅವರಿಗೆ ಮಲಗಿಸಿ, ಸದ್ದಿಗೆ ಕೇಳುವ ನರ ಮತ್ತು ಮೆದುಳು ಕೊಡುವ ಉತ್ತರವನ್ನು ಅಳೆಯುವ ಬೆರಾ ಪರೀಕ್ಷೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವೆಲ್ಲ ಒಂದೇ ಕಡೆ ಸಿಗುತ್ತವೆ.

ಪ್ರಮಾಣಪತ್ರದ ಬಗ್ಗೆ ಕೇಳುವವರಿಗೆ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳನ್ನು ನೋಡುತ್ತದೆ. ಮಾತಿನ ಸ್ವರಗಳಲ್ಲಿ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ಇಳಿದಿದ್ದರೆ ಕಿವುಡು, 60ರಿಂದ 70 ಆದರೆ ಮಂದಶ್ರವಣ ಎಂದು ಅದರ ವ್ಯಾಖ್ಯಾನ. ನಮ್ಮ ಪವರ್‌ಲೂಮ್ ಅಣ್ಣನ ಸಂಕಟ ಎಷ್ಟೇ ನಿಜವಾದರೂ ಅವರು ಆ ಗೆರೆಯ ಹತ್ತಿರವೂ ಬರುವುದಿಲ್ಲ.

ಅಂಕಿ ಒಂದನ್ನೇ ನಂಬಬಾರದು ಎನ್ನುವುದಕ್ಕೆ ಇನ್ನೊಂದು ಕಿವಿಯನ್ನು ಪಕ್ಕಕ್ಕಿಡುತ್ತೇನೆ. ಚಿಕ್ಕಂದಿನಿಂದ ಎರಡೂ ಕಿವಿ ಸೋರುವ ಹೆಂಗಸೊಬ್ಬರು. 500ರಲ್ಲಿ 50, 1000ದಲ್ಲಿ 45, 2000ದಲ್ಲಿ 40, 4000ದಲ್ಲಿ 45. ಮೂಳೆ ಗೆರೆ ಎಲ್ಲ ಕಡೆ 10ರ ಆಸುಪಾಸು. ಸರಾಸರಿ 45, ಅಂದರೆ ಮಾಡರೇಟ್, ಪವರ್‌ಲೂಮ್ ಅಣ್ಣನಿಗಿಂತ ಕೆಟ್ಟದ್ದು. ಆದರೆ ನೀವು ದನಿ ಸ್ವಲ್ಪ ಏರಿಸಿದರೆ ಸಾಕು, ಇವರು ಹೇಳಿದ್ದನ್ನೆಲ್ಲ ಸರಿಯಾಗಿ ಹಿಡಿಯುತ್ತಾರೆ. ಗೆರೆ ಸಮತಟ್ಟಾಗಿದೆ, ಎಲ್ಲ ಅಕ್ಷರವೂ ಒಂದೇ ಸಮ ಮೆತ್ತಗಾಗಿದೆ, ಒಳಕಿವಿ ಹಾಳಾಗಿಲ್ಲ. ಅಣ್ಣನಿಗೆ ದನಿ ಏರಿಸಿದರೆ ಮೊದಲೇ ಕೇಳುತ್ತಿದ್ದ ಸ್ವರಗಳೇ ಇನ್ನಷ್ಟು ಜೋರಾಗುತ್ತವೆ. ಕೊನೆಗೆ "ಯಾಕೆ ಕಿರುಚ್ತೀಯ?" ಎನ್ನುತ್ತಾರೆ.

ಹಂತ 7: ಮಾಸ್ಕಿಂಗ್ ಆಗಿದೆಯೇ ನೋಡಿ

ಒಂದು ಕಿವಿ ಚೆನ್ನಾಗಿದ್ದು ಇನ್ನೊಂದು ಕೆಟ್ಟಿದ್ದರೆ ಈ ಹಂತ ಬಿಡಲೇಬೇಡಿ.

ಮಂಗನಬಾವು ಬಂದ ಮೇಲೆ ಬಲಗಿವಿ ಪೂರ್ತಿ ಹೋದ ಹುಡುಗ, ಎಡಗಿವಿ ಸರಿಯಾಗಿದೆ ಎಂದುಕೊಳ್ಳಿ. ಬಲಕ್ಕೆ ಹೆಡ್‌ಫೋನಿನಲ್ಲಿ ಜೋರು ಸದ್ದು ಕೊಟ್ಟಾಗ ಸುಮಾರು 40 ಡೆಸಿಬೆಲ್ ದಾಟಿದ ಮೇಲೆ ಅದು ತಲೆಬುರುಡೆಯ ಮೂಲಕ ಎಡಗಿವಿಗೆ ಸೋರಲು ಶುರುವಾಗಬಹುದು. ಹುಡುಗ ಎಡಗಿವಿಯಲ್ಲಿ ಕೇಳಿ ಕೈ ಎತ್ತುತ್ತಾನೆ. ಬರೆದವರು ಬಲಗಿವಿಗೆ ಎಲ್ಲ ಕಡೆ 55, 60ರಲ್ಲಿ ○ ಹಾಕುತ್ತಾರೆ. ಮೂಳೆ ಕಂಪಕವಂತೂ ಯಾವ ಕಡೆ ಇಟ್ಟರೂ ಎರಡೂ ಒಳಕಿವಿಯನ್ನು ಅಲುಗಿಸುತ್ತದೆ, ಆದ್ದರಿಂದ ಬಲಗಡೆಯ < ಗುರುತು 5ರಲ್ಲಿ ಬೀಳುತ್ತದೆ. ಈಗ ಹಾಳೆ ನೋಡಿದರೆ ಏನು ಕಾಣುತ್ತದೆ? ಒಳಕಿವಿ ಚೆನ್ನಾಗಿದೆ, ದಾರಿಯಲ್ಲಿ 50 ಡೆಸಿಬೆಲ್ ತಡೆ, ಆಪರೇಷನ್ ಮಾಡಿದರೆ ಸರಿಹೋಗುವ ಕಿವಿ. ನಿಜದಲ್ಲಿ ಅದು ಪೂರ್ತಿ ಸತ್ತ ಕಿವಿ. ಎಡಗಿವಿಗೆ ಸುಯ್ ಸದ್ದು ಕೊಟ್ಟು ಮತ್ತೆ ಮಾಡಿದರೆ △ ಮತ್ತು [ ಎರಡೂ ಪಾತಾಳಕ್ಕೆ ಇಳಿದು ಬಾಣ ಬೀಳುತ್ತದೆ.

ಇದನ್ನು ನೀವೇ ಪತ್ತೆ ಮಾಡಬಹುದು. ಎರಡು ಕಿವಿಗಳ ಹೆಡ್‌ಫೋನ್ ಗುರುತುಗಳ ನಡುವೆ 40 ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದು, ಕೆಟ್ಟ ಕಿವಿಯ ಗುರುತು ಇನ್ನೂ ○ ಅಥವಾ × ಆಗಿಯೇ ಇದ್ದರೆ, ಅಥವಾ ಮೂಳೆ ಗೆರೆಗೂ ಹೆಡ್‌ಫೋನ್ ಗೆರೆಗೂ ದೊಡ್ಡ ಅಂತರ ಇದ್ದು ಎಲ್ಲೂ [ ] ಕಾಣದಿದ್ದರೆ, "ಮಾಸ್ಕಿಂಗ್ ಮಾಡಿದ್ದೀರಾ?" ಎಂದು ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಮಾಸ್ಕಿಂಗ್ ಇಲ್ಲದ ಅಂಥ ಹಾಳೆ ಇಟ್ಟುಕೊಂಡು ಆಪರೇಷನ್ನಿಗೂ ಮಿಷನ್ನಿಗೂ ಹಣ ಕಟ್ಟಬೇಡಿ.

ಹಂತ 8: ಹಾಳೆ ನಂಬುವಂಥದ್ದೇ?

ಗ್ರಾಫಿನ ಪಕ್ಕದಲ್ಲಿ ಮಾತಿನ ಪರೀಕ್ಷೆಯ ಎರಡು ಅಂಕಿ ಇರುತ್ತವೆ. SRT ಎಂದರೆ ಪದಗಳನ್ನು ಹಿಡಿಯಲು ಬೇಕಾದ ಅತಿ ಕಡಿಮೆ ಜೋರು. ಇದು ಮೂರು ಸ್ವರಗಳ ಸರಾಸರಿಗೆ 10 ಡೆಸಿಬೆಲ್ ಆಚೀಚೆ ಹೊಂದಬೇಕು. ಬೀಪ್ ಸರಾಸರಿ 60, ಮಾತಿಗೆ 25 ಎಂದು ಬಂದಿದ್ದರೆ ಬೀಪ್ ಪರೀಕ್ಷೆ ಸರಿಯಾಗಿ ನಡೆದಿಲ್ಲ, ಮತ್ತೆ ಮಾಡಬೇಕು. SDS ಅಥವಾ SIS ಎಂದಿರುವುದು ಆರಾಮಾದ ಜೋರಿನಲ್ಲಿ ಹೇಳಿದ ಪದಗಳಲ್ಲಿ ಎಷ್ಟನ್ನು ಸರಿಯಾಗಿ ತಿರುಗಿ ಹೇಳಿದರು ಎಂಬ ಲೆಕ್ಕ. ಹಾಳೆಯಲ್ಲಿ ನಿಜಕ್ಕೂ ಪರ್ಸೆಂಟ್ ಬರುವುದು ಇಲ್ಲಿ ಮಾತ್ರ, ಅದೂ ಜಾಸ್ತಿ ಇದ್ದಷ್ಟು ಒಳ್ಳೆಯದು. ಕನ್ನಡದವರಿಗೆ ಕನ್ನಡದ ಪದಪಟ್ಟಿಯಲ್ಲೇ ಮಾಡಿಸಿ, ಮೈಸೂರಿನ ಸಂಸ್ಥೆ ಸಿದ್ಧಪಡಿಸಿದ ಪಟ್ಟಿಗಳಿವೆ. ಇಂಗ್ಲಿಷ್ ಪದ ಗೊತ್ತಿಲ್ಲದ ಅಜ್ಜಿಗೆ ಇಂಗ್ಲಿಷ್ ಪಟ್ಟಿ ಓದಿದರೆ ಬರುವ ಅಂಕಿ ಕಿವಿಯದ್ದಲ್ಲ.

ಪರೀಕ್ಷೆ ಎಲ್ಲಿ ನಡೆಯಿತು ಎಂಬುದೂ ಗೆರೆಯಲ್ಲಿ ಕಾಣುತ್ತದೆ. ಕ್ಯಾಂಪಿನಲ್ಲಿ, ಫ್ಯಾನ್ ತಿರುಗುವ ರೂಮಿನಲ್ಲಿ ಮಾಡಿದರೆ ದಪ್ಪ ದನಿಯ ಬೀಪ್ ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಎರಡೂ ಕಿವಿಯಲ್ಲಿ 250, 500 ಮಾತ್ರ 30ಕ್ಕೆ ಇಳಿದು, ಮಿಕ್ಕಿದ್ದೆಲ್ಲ ಸಹಜವಾಗಿದ್ದರೆ ಮೊದಲು ರೂಮಿನ ಮೇಲೆ ಅನುಮಾನ ಪಡಿ.

ಹಳೆಯ ಹಾಳೆ ಇದ್ದರೆ ತಪ್ಪದೆ ತನ್ನಿ. ಒಂದು ಸ್ವರದಲ್ಲಿ 5 ಡೆಸಿಬೆಲ್ ಏರಿಳಿದರೆ ಅದು ಬದಲಾವಣೆಯೇ ಅಲ್ಲ. ಅಕ್ಕಪಕ್ಕದ ಸ್ವರಗಳಲ್ಲೂ 10, 15 ಇಳಿದಿದ್ದರೆ ಆಗ ಕಿವಿ ನಿಜಕ್ಕೂ ಕೆಡುತ್ತಿದೆ. ಎರಡು ಕಿವಿಯ ಮೂಳೆ ಗೆರೆಗಳಲ್ಲಿ ಕಾರಣವಿಲ್ಲದೆ ದೊಡ್ಡ ವ್ಯತ್ಯಾಸ ಕಂಡರೆ ಡಾಕ್ಟರ್ ಎಂಆರ್‌ಐ ಕೇಳಬಹುದು, ಕೇಳುವ ನರದ ಮೇಲೆ ಗಂಟು ಬೆಳೆದಿದೆಯೇ ಎಂದು ನೋಡಲು. ಇನ್ನು ಮೂರು ದಿನದೊಳಗೆ ಒಂದು ಕಿವಿ ದಿಢೀರ್ ಕೇಳದಂತಾಗಿ, ಮೂಳೆ ಗೆರೆಯೂ ಸೇರಿದಂತೆ ಅಕ್ಕಪಕ್ಕದ ಮೂರು ಸ್ವರಗಳಲ್ಲಿ 30 ಡೆಸಿಬೆಲ್ ಇಳಿದಿದ್ದರೆ ಅದು ತುರ್ತು. ಶೀತ ಇರಬೇಕು, ಗುಗ್ಗೆ ಇರಬೇಕು ಎಂದು ಎಣ್ಣೆ ಬಿಟ್ಟುಕೊಂಡು ವಾರ ಕಳೆಯಬೇಡಿ. ಸ್ಟೀರಾಯ್ಡ್ ಚಿಕಿತ್ಸೆ ಕೆಲಸ ಮಾಡುವ ಸಾಧ್ಯತೆ ಮೊದಲ ಎರಡು ವಾರದಲ್ಲೇ ಹೆಚ್ಚು. ಅದೇ ದಿನ, ಆಗದಿದ್ದರೆ ಮರುದಿನ ಬೆಳಿಗ್ಗೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.